ಎಂಬತ್ತು ಚೀಲ ಸಿಮೆಂಟು ಹೋದದ್ದು ಎಲ್ಲಿಗೆ

ನಾನು ಓದಿದ್ದು ಬಿ.ಕಾಂ. ಮೈಸೂರಿನ ಹೊರವಲಯದಲ್ಲಿ ನಾಲ್ಕು ಮಹಡಿಯ ಒಂದು ವಸತಿ ಕಟ್ಟಡದ ಕೆಲಸ ನಡೆದಿತ್ತು. ಅಲ್ಲಿ ಸ್ಟೋರ್ ನೋಡಿಕೊಳ್ಳುತ್ತಿದ್ದವರು ಕೆಲಸ ಬಿಟ್ಟ ವಾರ ನನ್ನನ್ನು ಕಳುಹಿಸಿದರು. ಅವರು ಬಿಟ್ಟುಹೋಗಿದ್ದ ಕಡತದಲ್ಲಿ ಪ್ರತಿ ತಿಂಗಳ ಕೊನೆಗೂ ಒಂದು ಹಾಳೆ ಇತ್ತು. ಎಡಗಡೆ ಆ ತಿಂಗಳ ಕೆಲಸಕ್ಕೆ ಲೆಕ್ಕದ ಪ್ರಕಾರ ಎಷ್ಟು ಚೀಲ ಸಿಮೆಂಟು ಬೇಕಿತ್ತು ಎಂಬ ಅಂಕಿ, ಬಲಗಡೆ ನಿಜವಾಗಿ ಎಷ್ಟು ಖರ್ಚಾಯಿತು ಎಂಬ ಅಂಕಿ. ಜನವರಿಯಲ್ಲಿ 418, 418. ಫೆಬ್ರವರಿಯಲ್ಲಿ 366, 366. ಮಾರ್ಚ್‌ನಲ್ಲಿ ಒಂದೇ ಒಂದು ಚೀಲದ ವ್ಯತ್ಯಾಸ.

ಮೊದಲ ದಿನ ಅದನ್ನು ನೋಡಿ ನನಗೆ ಗೌರವವೇ ಹುಟ್ಟಿತ್ತು. ಪ್ರಾಜೆಕ್ಟ್ ಮ್ಯಾನೇಜರ್ ಹಾಳೆಯ ಮೇಲೊಮ್ಮೆ ಕಣ್ಣಾಡಿಸಿ, "ಇದನ್ನು ನಂಬಿ ಸಹಿ ಹಾಕಬೇಡಿ. ಗಾರೆ ಕೆಲಸದಲ್ಲಿ ಲೆಕ್ಕ ಚೀಲಕ್ಕೆ ಚೀಲ ಸರಿಹೋಗುವುದಿಲ್ಲ. ಗೋಡೌನ್‌ಗೆ ಹೋಗಿ ಎಣಿಸಿ" ಎಂದರು.

ಗೋಡೌನ್‌ನಲ್ಲಿ ಒಂದೇ ದೊಡ್ಡ ಒಟ್ಟಿಲು. ಉದ್ದಕ್ಕೆ ಎಂಟು ಚೀಲ, ಅಗಲಕ್ಕೆ ಎಂಟು, ಎತ್ತರಕ್ಕೆ ಹತ್ತು, ಗುಣಿಸಿದರೆ 640. ಪುಸ್ತಕದಲ್ಲಿದ್ದದ್ದೂ 640. ಅಲ್ಲಿಗೆ ಮುಗಿಯಿತು ಎಂದು ಹೊರಡುವವನಿದ್ದೆ. ಜೊತೆಗಿದ್ದ ಹಮಾಲಿ ಮಾತ್ರ ಒಟ್ಟಿಲಿನ ಮೇಲೆ ಹತ್ತಿ ನಡುವಿನಲ್ಲಿ ಕಾಲಿಟ್ಟವನೇ ಹಿಂದೆ ಸರಿದ. "ಸರ್, ಇಲ್ಲಿ ಟೊಳ್ಳು" ಎಂದ. ನಾಲ್ಕು ಚೀಲ ಎತ್ತಿ ನೋಡಿದರೆ ಕೆಳಗೆ ಸೆಂಟ್ರಿಂಗ್ ಹಲಗೆ, ಹಲಗೆಯ ಕೆಳಗೆ ಬಾವಿ. ಎರಡು ಚೀಲ ಉದ್ದ, ಎರಡು ಚೀಲ ಅಗಲ, ಒಂಬತ್ತು ಚೀಲ ಆಳ. ಒಟ್ಟು 36 ಚೀಲ ಇರಲಿಲ್ಲ. ಬುಡದ ಸಾಲಿನಲ್ಲಿ ಇನ್ನೂ ಐದು ಚೀಲ ತೇವ ಹಿಡಿದು ಕಲ್ಲಾಗಿದ್ದವು.

ಆ 36 ಚೀಲ ಯಾರು ಒಯ್ದರು ಎಂಬುದು ಕೊನೆಗೂ ಗೊತ್ತಾಗಲಿಲ್ಲ. ಹಾಳೆ ಹೇಗೆ ತಯಾರಾಗುತ್ತಿತ್ತು ಎಂಬುದು ಮಾತ್ರ ಅರ್ಥವಾಯಿತು. ತಿಂಗಳ ಕೊನೆಗೆ ಇಂಜಿನಿಯರ್ ಕೊಟ್ಟ ಕೆಲಸದ ಅಳತೆಯಿಂದ ಬೇಕಾದ ಸಿಮೆಂಟನ್ನು ಲೆಕ್ಕ ಹಾಕಿ, ಅದೇ ಅಂಕಿಯನ್ನು ಖರ್ಚಿನ ಕಾಲಮ್ಮಿಗೆ ಇಳಿಸಿ, ಉಳಿಕೆಯನ್ನು ಕಳೆದು ಬರೆದಿದ್ದರು. ಗೋಡೌನ್‌ನಲ್ಲಿ ಯಾರೂ ಎಣಿಸಿರಲಿಲ್ಲ. 604 ಚೀಲಕ್ಕೆ, ಅದರಲ್ಲಿ ಐದು ಕೆಟ್ಟಿವೆ ಎಂದು ಬರೆದು, ನಾನು ಸಹಿ ಹಾಕಿದೆ. ಮರುದಿನವೇ ಒಟ್ಟಿಲನ್ನು ಒಡೆಸಿ, ಅಗಲಕ್ಕೆ ನಾಲ್ಕು ಚೀಲ ಮೀರದ ಹಾಗೆ ಎರಡು ಒಟ್ಟಿಲು ಮಾಡಿಸಿ, ನಡುವೆ ಒಬ್ಬ ಮನುಷ್ಯ ಓಡಾಡುವಷ್ಟು ದಾರಿ ಬಿಡಿಸಿದೆ. ನಾಲ್ಕೇ ಸಾಲಾದರೆ ಎರಡು ಕಡೆಯಿಂದಲೂ ಕೈ ಹಾಕಿ ನೋಡಬಹುದು, ಒಳಗೆ ಬಾವಿ ತೋಡಲು ಆಗುವುದಿಲ್ಲ. ಹಳೆಯ ಚೀಲ ಮೊದಲು ಹೊರಗೆ ಹೋಗುವುದಕ್ಕೂ ಅದೇ ದಾರಿ.

ಆ ಕಟ್ಟಡದಲ್ಲಿ ಪಿಲ್ಲರ್, ಬೀಮ್, ಮೋಲ್ಡ್‌ಗೆಲ್ಲ ಕಾಂಕ್ರೀಟು ಹೊರಗಿನ ಪ್ಲಾಂಟಿನಿಂದ ಲಾರಿಯಲ್ಲೇ ಬರುತ್ತಿತ್ತು. ಚೀಲದ ಸಿಮೆಂಟು ಹೋಗುತ್ತಿದ್ದದ್ದು ಬ್ಲಾಕ್ ಕಟ್ಟಲು, ಗಿಲಾವು ಮಾಡಲು, ನೆಲಕ್ಕೆ. ಮೂರೂ ಪೀಸ್ ರೇಟಿನ ಕೆಲಸ. ಸಾಮಾನು ಕಂಪನಿಯದು, ಕೂಲಿ ಮೇಸ್ತ್ರಿಯದು. ಸಾಮಾನು ತನ್ನದಲ್ಲದವನಿಗೆ ಅದನ್ನು ಉಳಿಸುವ ದರ್ದು ಇರುವುದಿಲ್ಲ. ಅದು ಅವನ ತಪ್ಪೂ ಅಲ್ಲ, ಒಪ್ಪಂದವೇ ಹಾಗಿದೆ.

ಹಳೆಯ ಚೀಟಿಗಳಲ್ಲಿ 'ಪ್ಲಾಸ್ಟರಿಂಗ್‌ಗೆ 20 ಚೀಲ' ಎಂದಷ್ಟೇ ಇತ್ತು. ಯಾವ ಮಹಡಿ, ಯಾವ ಮನೆ, ಯಾವ ಗೋಡೆ ಎಂಬುದಿಲ್ಲ. ಹಾಗೆ ಕೊಟ್ಟದ್ದನ್ನು ತಿಂಗಳ ಕೊನೆಗೆ ಹೆಚ್ಚಾಯಿತು ಎಂದರೂ ಎಲ್ಲಿ ಹೆಚ್ಚಾಯಿತು ಎಂದು ಹೇಳಲು ಬರುವುದಿಲ್ಲ. ನಾನು ಚೀಟಿಯಲ್ಲಿ ಮೂರು ಸಾಲು ಸೇರಿಸಿದೆ: ಮಹಡಿ ಮತ್ತು ಮನೆ ನಂಬರು, ಕೆಲಸದ ಹೆಸರು, ಆ ಸಿಮೆಂಟಿನಲ್ಲಿ ಎಷ್ಟು ಚದರ ಮೀಟರ್ ಮಾಡುತ್ತೇವೆ ಎಂಬ ಅಂದಾಜು. ಕೊನೆಯ ಸಾಲನ್ನು ಸೈಟ್ ಇಂಜಿನಿಯರ್ ತುಂಬಿ ಸಹಿ ಹಾಕಬೇಕು. ನೂರು ಚದರ ಮೀಟರ್ ಒಳಗೋಡೆಗೆ, ಒಂದು ಪಾಲು ಸಿಮೆಂಟಿಗೆ ಆರು ಪಾಲು ಮರಳು ಬೆರೆಸಿದ ಒಂದಕ್ಕೆ ಆರರ ಗಾರೆಯಲ್ಲಿ 12 ಮಿ.ಮೀ. ಗಿಲಾವು ಮಾಡಲು ಏಳು ಚೀಲದ ಮೇಲೆ ಸ್ವಲ್ಪ ಬೇಕು. ಆದ್ದರಿಂದ ನೂರು ಮೀಟರ್ ಎಂದು ಬರೆದು ಹನ್ನೆರಡು ಚೀಲ ಕೇಳಿದರೆ ಕೊಡುವ ಮೊದಲೇ ಪ್ರಶ್ನೆ ಏಳುತ್ತದೆ. ಸಂಜೆ ಖಾಲಿ ಚೀಲ ವಾಪಸು ಬರಬೇಕು, ಒಡೆಯದ ಚೀಲವೂ ವಾಪಸು ಬರಬೇಕು.

ಗಿಲಾವಿನ ಮೇಸ್ತ್ರಿಗೆ ಇದು ಹಿಡಿಸಲಿಲ್ಲ. ಐವತ್ತು ದಾಟಿದ ಮನುಷ್ಯ, ಯಾದಗಿರಿ ಕಡೆಯವರು, ಹದಿನಾಲ್ಕು ಆಳು ಕಟ್ಟಿಕೊಂಡು ಬಂದಿದ್ದರು.

"ಖಾಲಿ ಚೀಲ ಎಣಿಸುವುದಕ್ಕೂ ಒಬ್ಬ ಆಳು ಇಡಬೇಕೇ ಸರ್? ನಾವೇನು ಚೀಲ ತಿನ್ನುತ್ತೇವೆಯೇ?" ಎಂದರು.

"ನೀವು ತಿನ್ನುವುದಿಲ್ಲ ಎಂದು ಬರೆದುಕೊಡಲು ನನ್ನ ಹತ್ತಿರ ಏನಾದರೂ ಇರಬೇಕಲ್ಲ ಮೇಸ್ತ್ರಿಯವರೇ" ಎಂದೆ. ಅವರು ನಗಲಿಲ್ಲ.

ಜುಲೈ ಕೊನೆಗೆ ಅವರ ಬಿಲ್ಲು ಬಂತು. ಮೇ ಕೊನೆಯಿಂದ ಅಲ್ಲಿಯವರೆಗೆ ಮೊದಲ ಮತ್ತು ಎರಡನೇ ಮಹಡಿಯ ಒಳಗೋಡೆಗಳು ಮುಗಿದಿದ್ದವು. ಅಳತೆ ಪುಸ್ತಕದ ಪ್ರಕಾರ ಒಂದೊಂದು ಮಹಡಿಗೂ 1,200 ಚದರ ಮೀಟರ್. ನನ್ನ ಮೊದಲ ನಿಜವಾದ ಲೆಕ್ಕ ಇದು. ಕೊಟ್ಟ ಚೀಟಿಗಳನ್ನು ಕೂಡಿಸಿದರೆ 262 ಚೀಲ. ಆದರೆ ಕೊಟ್ಟದ್ದೆಲ್ಲ ಖರ್ಚಲ್ಲ. ಮಹಡಿ ಹತ್ತಿ ನೋಡಿದರೆ ಮೆಟ್ಟಿಲ ಪಕ್ಕ ಟಾರ್ಪಾಲಿನ ಕೆಳಗೆ ಒಂಬತ್ತು ಚೀಲ ಒಡೆಯದೆ ಇದ್ದವು. ಅವನ್ನು ಕಳೆದು 253. ಬೇಕಾಗಿದ್ದದ್ದು 2,400 ಮೀಟರ್‌ಗೆ 173. ಎಂಬತ್ತು ಚೀಲ ಹೆಚ್ಚು! ಆಗ ಚೀಲ ನಮಗೆ 380 ರೂಪಾಯಿಗೆ ಬೀಳುತ್ತಿತ್ತು. ಮೂವತ್ತು ಸಾವಿರದ ಮೇಲಾಯಿತು. ಮೇಸ್ತ್ರಿಯ ಒಪ್ಪಂದದಲ್ಲಿ ಶೇ. 3ರವರೆಗೆ ಪೋಲು ಒಪ್ಪುತ್ತೇವೆ, ಮೀರಿದ್ದನ್ನು ಬಿಲ್ಲಿನಲ್ಲಿ ಹಿಡಿಯುತ್ತೇವೆ ಎಂದಿತ್ತು. ನನ್ನ ಅಂಕಿ ಶೇ. 46.

ಮ್ಯಾನೇಜರ್ ಹಾಳೆ ನೋಡಿ, "ಡೆಬಿಟ್ ನೋಟ್ ಬರೆಯಿರಿ" ಎಂದರು. ಬರೆಯಲು ಕುಳಿತೆ. ಟೊಳ್ಳು ಒಟ್ಟಿಲನ್ನು ಕಂಡವನಿಗೆ ಎಲ್ಲೆಲ್ಲೂ ಕಳ್ಳರೇ ಕಾಣುತ್ತಾರೆ. ಆದರೆ ಖಾಲಿ ಚೀಲದ ಪುಸ್ತಕ ತೆಗೆದಾಗ ಕೈ ನಿಂತಿತು. ವಾಪಸು ಬಂದ ಖಾಲಿ ಚೀಲ 250. ಉಳಿದ ಮೂರು ಚೀಲ ಮಳೆಯಲ್ಲಿ ಹರಿದುಹೋಗಿರಬಹುದು. ಖಾಲಿ ಚೀಲ ಬಂತೆಂದರೆ ಸಿಮೆಂಟು ಗೋಡೆಗೇ ಹೋಯಿತು ಎಂದು ಸಾಬೀತಾಗುವುದಿಲ್ಲ ನಿಜ, ಬೇರೆ ಚೀಲಕ್ಕೆ ಸುರಿದುಕೊಂಡೂ ಒಯ್ಯಬಹುದು. ಆದರೆ ಎಂಬತ್ತು ಚೀಲ ಸಿಮೆಂಟನ್ನು ಯಾರ ಕಣ್ಣಿಗೂ ಬೀಳದೆ ಸುರಿದುಕೊಂಡು ಗೇಟು ದಾಟಿಸುವುದು ಚೀಲ ಕದಿಯುವುದಕ್ಕಿಂತ ಕಷ್ಟದ ಕೆಲಸ.

ಚೀಟಿಗಳನ್ನು ಮಹಡಿವಾರು ಬೇರೆ ಮಾಡಿದೆ. ಆ ಮೂರು ಹೆಚ್ಚುವರಿ ಸಾಲುಗಳು ಉಪಯೋಗಕ್ಕೆ ಬಂದದ್ದು ಇಲ್ಲಿ. ಮೊದಲ ಮಹಡಿಗೆ ಹೋದದ್ದು 95 ಚೀಲ, ಎರಡನೆಯದಕ್ಕೆ 158. ಎರಡಕ್ಕೂ ಬೇಕಾಗಿದ್ದದ್ದು 86 ಚಿಲ್ಲರೆ. ಕೆಳಗಿನ ಮಹಡಿಯಲ್ಲಿ ಹತ್ತರಲ್ಲೊಂದು ಪಾಲು ಹೆಚ್ಚು, ಮೇಲಿನದರಲ್ಲಿ ಹೆಚ್ಚುಕಡಿಮೆ ಇಮ್ಮಡಿ. ಅದೇ ಮೇಸ್ತ್ರಿ, ಅದೇ ಆಳುಗಳು, ಅದೇ ನಕ್ಷೆ. ಕಳ್ಳತನವಾಗಿದ್ದರೆ ಮಹಡಿ ನೋಡಿಕೊಂಡು ನಡೆಯುತ್ತಿತ್ತೇ?

ಆಗ ಲೆಕ್ಕವನ್ನು ತಿರುಗಿಸಿ ಮಾಡಿದೆ. ಕೆಲಸದಿಂದ ಸಿಮೆಂಟಿಗೆ ಹೋಗುವ ಬದಲು ಸಿಮೆಂಟಿನಿಂದ ಗೋಡೆಗೆ ಬಂದೆ. ಒಂದಕ್ಕೆ ಆರರ ಒಂದು ಘನ ಮೀಟರ್ ಗಾರೆಗೆ ಐದು ಚೀಲ, ಅಂದರೆ 250 ಕಿಲೊ ಸಿಮೆಂಟು. 158 ಚೀಲ ನಿಜವಾಗಿ ಗೋಡೆಗೇ ಹೋಗಿದ್ದರೆ ಸುಮಾರು 31.6 ಘನ ಮೀಟರ್ ಗಾರೆಯಾಗಿರಬೇಕು. 1,200 ಮೀಟರ್‌ಗೆ ಹಂಚಿದರೆ ಚದರ ಮೀಟರ್‌ಗೆ 26 ಲೀಟರ್. 12 ಮಿ.ಮೀ. ಗಿಲಾವಿಗೆ, ಸಂದಿಗೆ ಹೋಗುವುದು ಕೆಳಗೆ ಬೀಳುವುದು ಎಲ್ಲ ಸೇರಿ, 14 ಲೀಟರ್ ಚಿಲ್ಲರೆ ಸಾಕು. ಹಾಗಾದರೆ ಎರಡನೇ ಮಹಡಿಯ ಗಿಲಾವು 24 ಮಿ.ಮೀ. ಆಸುಪಾಸು ದಪ್ಪ ಇರಬೇಕು. ಇದ್ದರೆ ಸಿಮೆಂಟು ಅಲ್ಲಿದೆ, ಇಲ್ಲದಿದ್ದರೆ ಹೊರಗೆ ಹೋಗಿದೆ.

ಗೋಡೆ ಒಡೆಯಬೇಕಾಗಲಿಲ್ಲ. ಎಲೆಕ್ಟ್ರಿಕಲ್ ಕೆಲಸದವರು ಸ್ವಿಚ್ ಡಬ್ಬಿಗಳಿಗೆ ಕತ್ತರಿಸಿದ ಜಾಗಗಳಿದ್ದವು, ಕಿಟಕಿಯ ಅಂಚುಗಳಿದ್ದವು. ಅಡ್ಡಪಟ್ಟಿ ಹಿಡಿದು ನಾಲ್ಕು ಮನೆಯಲ್ಲಿ ನಲವತ್ತು ಕಡೆ ಅಳೆದೆ. 14, 26, 19, 28, 17. ಒಂದೇ ಗೋಡೆಯಲ್ಲಿ ಕೆಳಗೆ 13, ಮೇಲೆ 27. ಸರಾಸರಿ 20.

ಅಷ್ಟರಲ್ಲಿ ಮೇಸ್ತ್ರಿ ಬಂದು ಪಕ್ಕದಲ್ಲಿ ನಿಂತಿದ್ದರು. ನಾನು ಕೇಳದೆಯೇ ಇನ್ನೂ ಗಿಲಾವು ಆಗದ ಮೂರನೇ ಮಹಡಿಗೆ ಕರೆದುಕೊಂಡು ಹೋದರು. ಅಲ್ಲಿ ಬರಿಯ ಬ್ಲಾಕ್ ಗೋಡೆಯ ನೆತ್ತಿಯಿಂದ ತೂಗುಗುಂಡು ಇಳಿಬಿಟ್ಟರು. ಮೇಲೆ ದಾರ ಗೋಡೆಗೆ ತಾಗಿತ್ತು, ಕೆಳಗೆ ಗೋಡೆಗೂ ದಾರಕ್ಕೂ ನಡುವೆ ಅವರ ಹೆಬ್ಬೆರಳು ಆರಾಮವಾಗಿ ಹೋಯಿತು. ಪಕ್ಕದಲ್ಲಿ ಪಿಲ್ಲರ್‌ನ ಮುಖ ಬ್ಲಾಕಿಗಿಂತ ಒಂದೂವರೆ ಸೆಂಟಿಮೀಟರ್ ಮುಂದೆ ಬಂದಿತ್ತು. "ಪಿಲ್ಲರ್ ಮೇಲೆ ಹತ್ತು ಮಿ.ಮೀ. ಆದರೂ ಹೊಡೆಯಬೇಕಲ್ಲ ಸರ್. ಅದಕ್ಕೆ ಸರಿಸಮ ಬರಬೇಕೆಂದರೆ ಬ್ಲಾಕ್ ಮೇಲೆ ಎಷ್ಟಾಯಿತು ಲೆಕ್ಕ ಹಾಕಿ. ಅಷ್ಟು ದಪ್ಪ ಒಂದೇ ಸಲಕ್ಕೆ ನಿಲ್ಲುವುದಿಲ್ಲ, ಜಾರುತ್ತದೆ. ಎರಡು ಕೈ ಹೊಡೆದಿದ್ದೇವೆ. ನನಗೆ ಕೂಲಿ ಒಂದು ಕೈಯದೇ" ಎಂದರು. ಹತ್ತೂ ಹದಿನೈದೂ ಸೇರಿ ಇಪ್ಪತ್ತೈದು. ಸಿಮೆಂಟು ಪೋಲಾದದ್ದಕ್ಕೆ ಅವರಿಗೂ ನಷ್ಟವಾಗಿತ್ತು. ನಮ್ಮ ಯಾವ ಹಾಳೆಯಲ್ಲೂ ಆ ಕಾಲಮ್ಮು ಇರಲಿಲ್ಲ.

ಇಷ್ಟರಿಂದ ಲೆಕ್ಕ ಮುಗಿಯಲಿಲ್ಲ. 20 ಮಿ.ಮೀ. ಗಿಲಾವಿಗೆ ಒಂದಕ್ಕೆ ಆರರಲ್ಲಿ 134 ಚೀಲ ಸಾಕು. ಹೋದದ್ದು 158. ಇನ್ನೂ 24 ಚೀಲ ಎಲ್ಲಿ?

ಇದನ್ನು ಬಿಡಿಸಿದ್ದು ನಾನಲ್ಲ, ನಮ್ಮ ಕ್ವಾಲಿಟಿ ಇಂಜಿನಿಯರ್, ಆಗಷ್ಟೇ ಕಾಲೇಜು ಮುಗಿಸಿ ಬಂದಿದ್ದ ಹುಡುಗಿ. "ಎರಡನೇ ಮಹಡಿ ಮಾಡಿದ್ದು ಯಾವಾಗ?" ಎಂದು ಕೇಳಿದಳು. ಜೂನ್ ಕೊನೆಯಿಂದ ಜುಲೈ ಪೂರ್ತಿ. "ಮಳೆ. ಮರಳಿನ ರಾಶಿಗೆ ಹೊದಿಕೆ ಇತ್ತೇ?" ಇರಲಿಲ್ಲ. ಅವಳು ಖಾಲಿ ಪೇಂಟ್ ಡಬ್ಬ ಒಂದನ್ನು ತೊಳೆದು ತಂದಳು. ರಾಶಿಯಿಂದ ತೇವದ ಎಂ-ಸ್ಯಾಂಡನ್ನು ಅದುಮದೆ ಸಡಿಲವಾಗಿ ತುಂಬಿ, ಸ್ಕೇಲು ಇಟ್ಟು 200 ಮಿ.ಮೀ. ಎತ್ತರಕ್ಕೆ ಸಮ ಮಾಡಿದಳು. ಆ ಮರಳನ್ನು ತಟ್ಟೆಗೆ ಸುರಿದು, ಡಬ್ಬಕ್ಕೆ ಅರ್ಧದಷ್ಟು ನೀರು ಹಾಕಿ, ಮರಳನ್ನು ಮತ್ತೆ ಅದರೊಳಕ್ಕೆ ಬಿಟ್ಟು ಕಂಬಿಯ ತುಂಡಿನಿಂದ ಕಲಕಿದಳು. ಮರಳು ನೀರಿನಲ್ಲಿ ಕೂತ ಮೇಲೆ ಸ್ಕೇಲು ಇಟ್ಟರೆ 170. ಮೂವತ್ತು ಮಿಲಿಮೀಟರ್ ಮಾಯವಾಗಿತ್ತು.

ತೇವದ ಮರಳಿನ ಕಣಗಳ ಸುತ್ತ ನೀರಿನ ತೆಳುಪೊರೆ ಕೂತು ಕಣಗಳನ್ನು ಒಂದರಿಂದೊಂದು ದೂರ ತಳ್ಳುತ್ತದೆ, ಮರಳು ಉಬ್ಬುತ್ತದೆ. ಪೂರ್ತಿ ಮುಳುಗಿಸಿದರೆ ಮತ್ತೆ ಇಳಿದು ಒಣಗಿದ್ದಾಗಿನ ಗಾತ್ರಕ್ಕೆ ಬರುತ್ತದೆ. ನಮ್ಮ ಮರಳು ಶೇ. 17ರಿಂದ 18ರಷ್ಟು ಉಬ್ಬಿತ್ತು. ಗಾರೆ ಕಲಸುವವನು ಪ್ರಾಮಾಣಿಕವಾಗಿ ಒಂದು ಚೀಲ ಸಿಮೆಂಟಿಗೆ ಆರು ಪೆಟ್ಟಿಗೆ ಮರಳು ಅಳೆದಿದ್ದಾನೆ. ಆದರೆ ಆ ಆರರಲ್ಲಿ ಇದ್ದ ನಿಜವಾದ ಮರಳು ಐದಕ್ಕಿಂತ ಒಂದು ಚೂರು ಹೆಚ್ಚು, ಅಷ್ಟೆ. ನಾವು ಒಂದಕ್ಕೆ ಆರು ಎಂದುಕೊಂಡು ಒಂದಕ್ಕೆ ಐದು ಹೊಡೆದಿದ್ದೆವು. ಒಂದಕ್ಕೆ ಐದರ ಒಂದು ಘನ ಮೀಟರ್ ಗಾರೆಗೆ 310 ಕಿಲೊ ಸಿಮೆಂಟು ಬೇಕು. ಆ ಲೆಕ್ಕ ಹಿಡಿದು 20 ಮಿ.ಮೀ. ದಪ್ಪಕ್ಕೆ ಮತ್ತೆ ಕೂಡಿಸಿದೆ: 167 ಚೀಲ. ಹೋದದ್ದು 158. ನಲವತ್ತು ಕಡೆ ಸ್ಕೇಲಿನಲ್ಲಿ ಅಳೆದ ದಪ್ಪಕ್ಕೆ, ಒಂದೇ ದಿನದ ಮರಳಿನ ಪರೀಕ್ಷೆಗೆ ಇದಕ್ಕಿಂತ ಹತ್ತಿರ ಬರುವುದನ್ನು ನಾನು ನಿರೀಕ್ಷಿಸುವುದಿಲ್ಲ. ಚೀಲಕ್ಕೆ ಚೀಲ ಸರಿಹೋಗಿದ್ದರೆ ನನಗೆ ಜನವರಿಯ ಆ ಹಾಳೆ ನೆನಪಾಗುತ್ತಿತ್ತು.

ಡೆಬಿಟ್ ನೋಟ್‌ನ ಸಭೆ ಎರಡು ಗಂಟೆ ನಡೆಯಿತು. ಯಾರಾದರೂ ಒಬ್ಬರು ಮೂವತ್ತು ಸಾವಿರ ಹೊರಬೇಕು ಎಂಬುದು ಮ್ಯಾನೇಜರ್ ವಾದ. ಓರೆಯಾದ ಗೋಡೆ ಬ್ಲಾಕ್ ಮೇಸ್ತ್ರಿಯದು. ಮುಂದೆ ಬಂದ ಪಿಲ್ಲರ್ ನಮ್ಮದೇ ಶಟರಿಂಗ್ ತಂಡದ್ದು. ಹೊದಿಕೆ ಇಲ್ಲದ ಮರಳು ಸ್ಟೋರಿನದು, ಅಂದರೆ ನನ್ನದು. ಗಿಲಾವಿನ ಮೇಸ್ತ್ರಿಯ ಪಾಲಿಗೆ ಉಳಿದದ್ದು ಮೊದಲ ಮಹಡಿಯ ಒಂಬತ್ತು ಚೀಲದಲ್ಲಿ ಶೇ. 3 ಕಳೆದು ಆರು. ಬ್ಲಾಕ್ ಮೇಸ್ತ್ರಿಯ ಬಿಲ್ಲಿನಲ್ಲಿ ಹದಿನೈದು ಚೀಲದ ದುಡ್ಡು ಹಿಡಿದರು. ಗೋಡೆ ಕಟ್ಟಿದ ದಿನ ನಮ್ಮ ಇಂಜಿನಿಯರೇ ಸರಿಯಿದೆ ಎಂದು ಸಹಿ ಹಾಕಿದ್ದರಿಂದ ಅದಕ್ಕಿಂತ ಹೆಚ್ಚು ಹಿಡಿಯಲು ಆಗಲಿಲ್ಲ. ಉಳಿದದ್ದು ಕಂಪನಿಯ ತಲೆಗೆ. ನನ್ನ ಸಂಬಳದಲ್ಲಿ ಹಿಡಿಯದಿದ್ದದ್ದು ಮ್ಯಾನೇಜರ್ ದೊಡ್ಡತನ, ಅಥವಾ ಮರೆವು.

ಮೂರನೇ ಮಹಡಿಗೆ ಕ್ರಮ ಬದಲಾಯಿತು. ಗಿಲಾವು ಶುರುವಾಗುವ ಎರಡು ದಿನ ಮೊದಲೇ ಮೇಸ್ತ್ರಿ ದಾರ ಕಟ್ಟಿ, ಗೋಡೆಯ ಮೇಲೆ ಅಲ್ಲಲ್ಲಿ ಗಾರೆಯ ಬಟನ್ ಇಡುತ್ತಾರೆ. ಗಿಲಾವಿನ ಮುಖ ಎಲ್ಲಿಗೆ ಬರಬೇಕೆಂದು ತೋರಿಸುವ ಗುರುತು ಅದು. ಬಟನ್ನಿನ ದಪ್ಪ ಅಳೆದರೆ ಗಾರೆ ಹೊಡೆಯುವ ಮೊದಲೇ ಸರಾಸರಿ ಸಿಗುತ್ತದೆ. ಆ ಸರಾಸರಿಯ ಮೇಲೆ ಸಿಮೆಂಟು ಕೊಡುತ್ತೇನೆ, 12 ಎಂದು ಕಾಗದದಲ್ಲಿ ಬರೆದದ್ದರ ಮೇಲಲ್ಲ. 18 ಮಿ.ಮೀ. ಮೀರಿದ ಗೋಡೆ ಇದ್ದರೆ ಬ್ಲಾಕ್ ಮೇಸ್ತ್ರಿಯನ್ನೂ ಶಟರಿಂಗ್ ತಂಡವನ್ನೂ ಕರೆಸಿ ಅಲ್ಲೇ ತೋರಿಸುತ್ತೇವೆ. ಪಿಲ್ಲರ್‌ನ ಉಬ್ಬನ್ನು ಕೆತ್ತಬಹುದಾದಷ್ಟು ಕೆತ್ತಿಸುತ್ತೇವೆ. ಖರ್ಚಾದ ಮೇಲೆ ಕೇಳಿದರೆ ಎಲ್ಲರಿಗೂ ಉತ್ತರ ಇರುತ್ತದೆ, ಗೋಡೆ ಬರಿಯದಾಗಿದ್ದಾಗ ಕೇಳಿದರೆ ಇರುವುದಿಲ್ಲ.

ಸಿಮೆಂಟಿನಲ್ಲಿ ಕೈ ಸುಟ್ಟುಕೊಂಡದ್ದು ಕಬ್ಬಿಣದ ಲೆಕ್ಕಕ್ಕೆ ಒದಗಿತು. ಆ ವರ್ಷ ಅಲ್ಲಿಯವರೆಗೆ 8 ಮಿ.ಮೀ. ಕಂಬಿ ವೇ ಬ್ರಿಡ್ಜ್ ಚೀಟಿಗಳ ಪ್ರಕಾರ 10.20 ಟನ್ ಬಂದಿತ್ತು. ಎಲ್ಲೆಲ್ಲಿ ಎಷ್ಟು ಉದ್ದದ ಕಂಬಿ ಎಂದು ಬರೆದಿಡುವ ಬಾರ್ ಬೆಂಡಿಂಗ್ ಪಟ್ಟಿಯ ಪ್ರಕಾರ ಕಟ್ಟಡದೊಳಗೆ ಹೋದದ್ದು 9.30 ಟನ್. ಅಂಗಳದಲ್ಲಿ ಉಳಿದ ಕಂಬಿಯನ್ನು ಎಣಿಸಿ ಉದ್ದದಿಂದ ಲೆಕ್ಕ ಹಾಕಿದರೆ ಕಾಲು ಟನ್, ತೂಗಿದ ತುಂಡುಗಳು 180 ಕಿಲೊ. ಕೂಡಿಸಿದರೆ 470 ಕಿಲೊ ಕಾಣೆ. ಒಪ್ಪಿದ ಮಿತಿಗಿಂತ ಎಷ್ಟೋ ಹೆಚ್ಚು.

ಈ ಸಲ ಡೆಬಿಟ್ ನೋಟ್ ಮುಟ್ಟಲಿಲ್ಲ. ಎರಡು ಅಂಕಿಗಳನ್ನು ಎದುರುಬದುರು ಇಟ್ಟು ನೋಡಿದೆ. ಒಳಗೆ ಬಂದದ್ದು ತೂಕದಿಂದ. ಹೊರಗೆ ಹೋದದ್ದು ಉದ್ದದಿಂದ; ಉದ್ದವನ್ನು ಮೀಟರಿಗೆ 0.395 ಕಿಲೊ ಎಂಬ ಕೋಷ್ಟಕದ ಅಂಕಿಯಿಂದ ಗುಣಿಸಿದ್ದು. ಕಂಬಿಯ ವ್ಯಾಸವನ್ನು ಮಿಲಿಮೀಟರ್‌ನಲ್ಲಿ ತೆಗೆದುಕೊಂಡು ಅದನ್ನು ಅದರಿಂದಲೇ ಗುಣಿಸಿ 162ರಿಂದ ಭಾಗಿಸಿದರೆ ಬರುವ ತೂಕ ಅದು. ಬಂದ ಕಂಬಿ ಅಷ್ಟೇ ತೂಗುತ್ತದೆಯೇ ಎಂದು ಯಾರೂ ನೋಡಿರಲಿಲ್ಲ. ಬೇರೆ ಬೇರೆ ಕಟ್ಟಿನಿಂದ ಹತ್ತು ಕಂಬಿ ಆರಿಸಿ, ಒಂದೊಂದರಿಂದ ಸರಿಯಾಗಿ ಒಂದು ಮೀಟರ್ ಕತ್ತರಿಸಿ, ಹತ್ತನ್ನೂ ಒಟ್ಟಿಗೆ ತೂಗಿದೆವು. 4.12 ಕಿಲೊ. 3.95 ಇರಬೇಕಿತ್ತು. ಕಂಬಿ ಶೇ. 4ಕ್ಕಿಂತ ಸ್ವಲ್ಪ ಹೆಚ್ಚು ಭಾರವಾಗಿತ್ತು.

ಇದು ಕಾರ್ಖಾನೆಯ ಮೋಸವಲ್ಲ. ಭಾರತೀಯ ಮಾನಕ ಐಎಸ್ 1786 ಹತ್ತು ಮಿ.ಮೀ.ವರೆಗಿನ ಕಂಬಿಗೆ ಶೇ. 7 ಹೆಚ್ಚು ಅಥವಾ ಕಡಿಮೆ ತೂಕವನ್ನು ಒಪ್ಪುತ್ತದೆ. ದಪ್ಪ ಕಂಬಿಗೆ ಈ ಮಿತಿ ಕಿರಿದಾಗುತ್ತದೆ. ಆದರೆ ಕಂಬಿಯನ್ನು ತೂಕಕ್ಕೆ ಕೊಂಡು ಉದ್ದಕ್ಕೆ ಬಳಸುವವನಿಗೆ ಶೇ. 4 ಭಾರ ಎಂದರೆ ಅಷ್ಟು ಉದ್ದ ಕಡಿಮೆ ಸಿಕ್ಕಿತು ಎಂದೇ ಅರ್ಥ. ಕಟ್ಟಡಕ್ಕೆ ಹೋದದ್ದನ್ನೂ ಅಂಗಳದಲ್ಲಿದ್ದದ್ದನ್ನೂ ನಿಜವಾದ ತೂಕದಲ್ಲಿ ಮತ್ತೆ ಲೆಕ್ಕ ಹಾಕಿದರೆ ಕಾಣೆಯಾದ 470 ಕಿಲೊ 60ಕ್ಕೆ ಇಳಿಯಿತು. ಅದಕ್ಕೂ ಉತ್ತರ ಮೋಲ್ಡ್‌ನಲ್ಲೇ ಇತ್ತು: ಮೇಲಿನ ಜಾಲರಿ ಕೆಳಗೆ ಕೂರದಂತೆ ನಿಲ್ಲಿಸುವ ಕುರ್ಚಿಗಳನ್ನು ಕಂಬಿ ಕೆಲಸದವರು 8 ಮಿ.ಮೀ.ಯಲ್ಲೇ ಬಗ್ಗಿಸುತ್ತಿದ್ದರು, ಪಟ್ಟಿ ಬರೆದವರು ಅವನ್ನು ಸೇರಿಸಿರಲಿಲ್ಲ. ಅಲ್ಲಿಂದ ಮುಂದೆ ಲಾರಿ ಬಂದಾಗಲೆಲ್ಲ ಹತ್ತು ತುಂಡು ತೂಗಿ, ಆ ಲಾಟಿನ ಮೀಟರ್ ತೂಕವನ್ನು ರಿಜಿಸ್ಟರಿನಲ್ಲಿ ಬರೆಯುತ್ತೇವೆ. ಅತಿ ಭಾರದ ಮಾಲು ಎರಡು ಸಲ ಬಂದರೆ ಖರೀದಿ ವಿಭಾಗಕ್ಕೆ ತಿಳಿಸುತ್ತೇವೆ.

ಕಬ್ಬಿಣದಲ್ಲಿ ನಿಜವಾದ ಪೋಲು ಇದ್ದದ್ದು ಯಾರೂ ಅನುಮಾನಪಡದ 16 ಮಿ.ಮೀ.ಯಲ್ಲಿ. ಅದು ಲೆಕ್ಕದಲ್ಲಿ ಕಾಣೆಯಾಗಿರಲಿಲ್ಲ, ಕಣ್ಣೆದುರೇ ಗುಜರಿಯ ರಾಶಿಯಲ್ಲಿ ಬಿದ್ದಿತ್ತು. ಬೀಮ್‌ಗೆ 4.3 ಮೀಟರಿನ ತುಂಡು ಬೇಕಿತ್ತು. ಕಂಬಿ ಬರುವುದು 12 ಮೀಟರ್ ಉದ್ದಕ್ಕೆ. ಎರಡು ತುಂಡು ಕತ್ತರಿಸಿದರೆ 3.4 ಮೀಟರ್ ಉಳಿಯುತ್ತದೆ. ಅಂಥ ಅರವತ್ತು ತುಂಡು, ಮುನ್ನೂರು ಕಿಲೊ ಮೀರಿ, ಮೂಲೆಯಲ್ಲಿ ತುಕ್ಕು ಹಿಡಿಯುತ್ತಿದ್ದವು. ಅದೇ ಮಹಡಿಯ ಇನ್ನೊಂದು ಬೀಮ್‌ಗೆ 3.3 ಮೀಟರಿನ ತುಂಡು ಬೇಕಾಗಿ, ಅದಕ್ಕೆ ಹೊಸ ಕಂಬಿ ಕತ್ತರಿಸುತ್ತಿದ್ದರು. ಕಂಬಿ ಕೆಲಸದವನನ್ನು ಕೇಳಿದರೆ, "ಇವತ್ತಿನ ಚೀಟಿಯಲ್ಲಿ ಇದಷ್ಟೇ ಇತ್ತು ಸರ್" ಎಂದ. ಅವನ ಮಾತು ಸರಿ. ಚೀಟಿ ಬರೆದವನು ನಾನು. ಈಗ ಒಂದು ಮಹಡಿಯ ಎಲ್ಲ ಅಳತೆಗಳನ್ನೂ ಒಟ್ಟಿಗೆ ಇಟ್ಟುಕೊಂಡು ಯಾವ ಕಂಬಿಯಲ್ಲಿ ಯಾವ ತುಂಡುಗಳು ಎಂದು ಪಟ್ಟಿ ಮಾಡಿದ ಮೇಲೆಯೇ ಕಂಬಿ ಕೊಡುತ್ತೇನೆ. ಗುಜರಿ ಲಾರಿ ತುಂಬುವಾಗ ಒಂದು ಮೀಟರಿಗಿಂತ ಉದ್ದದ ತುಂಡು ಇದ್ದರೆ ಇಳಿಸುತ್ತೇನೆ. ಸಣ್ಣ ತುಂಡುಗಳ ಕೆಳಗೆ ಉದ್ದದ ಕಂಬಿ ಮಲಗಿಸಿ ಗುಜರಿ ಬೆಲೆಗೆ ಸಾಗಿಸುವುದೂ ಉಂಟು. ಹಾಗಾಗಿ ತುಂಬುವಾಗ ನಿಂತೇ ನೋಡುತ್ತೇನೆ, ತುಂಬಿದ ಮೇಲಲ್ಲ.

ಮೂರನೇ ಮಹಡಿಯ ಗಿಲಾವು ಸೆಪ್ಟೆಂಬರಿನಲ್ಲಿ ನಡೆಯಿತು. ಮರಳಿಗೆ ಹೊದಿಕೆ ಬಂದಿತ್ತು, ಆದರೆ ಲಾರಿಯಲ್ಲಿ ಬರುವಾಗಲೇ ನೆನೆದ ಮರಳಿಗೆ ಹೊದಿಕೆ ಏನು ಮಾಡೀತು? ಒಂದು ಬೆಳಿಗ್ಗೆ ಜಿಟಿಜಿಟಿ ಮಳೆಯಲ್ಲಿ ಮೇಸ್ತ್ರಿ ಗೋಡೌನ್ ಬಾಗಿಲಿಗೆ ಬಂದರು. ಕೈಯಲ್ಲಿ ಅದೇ ಪೇಂಟ್ ಡಬ್ಬ, ಒಳಗೆ ನೀರು, ನೀರಿನಡಿ ಮರಳು. ಡಬ್ಬದ ಒಳಗೋಡೆಗೆ ಮೊಳೆಯಿಂದ ಎರಡು ಗೆರೆ ಗೀರಿದ್ದರು.

"ಇಲ್ಲಿಂದ ಇಲ್ಲಿಗೆ ಇಳಿದಿದೆ ಸರ್. ಇವತ್ತು ಏಳು ಪೆಟ್ಟಿಗೆ ಹಾಕಿಸಲೇ?"

ಅಳೆದು ನೋಡಿದೆ. ಏಳಕ್ಕೆ ಒಂದು ಚೂರು ಕಡಿಮೆ ಬರುತ್ತಿತ್ತು. ಹಾಕಿಸಿ ಎಂದೆ, ಹನ್ನೆರಡು ಚೀಲದ ಚೀಟಿ ಬರೆದೆ. ಅವರು ಅದನ್ನು ತಿರುಗಿಸಿ ನೋಡಿ, ಮನೆ ನಂಬರು ತಪ್ಪಾಗಿದೆ ಎಂದು ವಾಪಸು ಕೊಟ್ಟರು.